ಒಂದೇ ಒಂದು ಕಂತು ಕಟ್ಟಿ ಕೆಟ್ಟೆ: ನಿಮ್ಮ ಪ್ಯಾನ್‌ನಲ್ಲಿ ಬೇರೆಯವರ ಸಾಲ ಕಂಡರೆ ಹೀಗೆ ಮಾಡಬೇಡಿ

ನಾನು ತೆಗೆಯದ ಸಾಲಕ್ಕೆ ನಾನೇ 6,820 ರೂಪಾಯಿ ಕಟ್ಟಿದೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಹೇಳಬೇಕು.

ಸಿಬಿಲ್ ರಿಪೋರ್ಟ್ ತೆಗೆದಾಗ 1,40,000 ರೂಪಾಯಿಯ ಪರ್ಸನಲ್ ಲೋನ್ ಕಂಡಿತು. ನಾನು ಆ ಬ್ಯಾಂಕಿನ ಮೆಟ್ಟಿಲೂ ಹತ್ತಿದವಳಲ್ಲ. ಅಷ್ಟರಲ್ಲಿ ವಸೂಲಿಯವನ ಫೋನ್ ಬಂತು. "ಮೇಡಂ, ಒಂದು ಕಂತು ಕಟ್ಟಿ, ಕೇಸ್ ಹೋಲ್ಡ್ ಮಾಡ್ತೀವಿ. ಆಮೇಲೆ ದೂರು ಕೊಡಿ" ಎಂದ. ಗಾಬರಿಯಲ್ಲಿ ಕಟ್ಟಿಬಿಟ್ಟೆ.

ಮರುದಿನ ಶಾಖೆಗೆ ಹೋದರೆ ಅಲ್ಲಿಯವರು ಸ್ಕ್ರೀನ್ ನೋಡಿ ಹೇಳಿದ್ದು: "ನೀವೇ ಕಂತು ಕಟ್ಟಿದ್ದೀರಲ್ಲ, ಸಾಲ ನಿಮ್ಮದಲ್ಲ ಅಂದ್ರೆ ಹೇಗೆ?" ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ನಿಮ್ಮವರೇ ಕಟ್ಟಿಸಿದ್ದು ಎಂದೆ. "ಅವರು ಏಜೆನ್ಸಿಯವರು, ನಮಗೆ ಗೊತ್ತಿಲ್ಲ" ಎಂದರು. ಗೊತ್ತಿಲ್ಲವಂತೆ! ದುಡ್ಡು ಮಾತ್ರ ಇವರ ಖಾತೆಗೇ ಬಂದಿದೆ.

ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ ಅಂತ ಆಗ ಅರ್ಥವಾಯಿತು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ. ಆಮೇಲೆ ಬ್ಯಾಂಕಿಗೆ ಪತ್ರ ಬರೆದೆ. ಸಾಲದ ಖಾತೆ ನಂಬರ್ ಹಾಕಿ ಹೀಗೆ ಕೇಳಿದೆ: "ಈ ಸಾಲ ನನ್ನದಲ್ಲ. ಕಟ್ಟಿದ ಕಂತು ನಿಮ್ಮ ಏಜೆಂಟರ ಒತ್ತಡದಿಂದ ಕಟ್ಟಿದ್ದು, ಸಾಲ ಒಪ್ಪಿಕೊಂಡಂತೆ ಅಲ್ಲ. ಅರ್ಜಿ, ಕೆವೈಸಿ ದಾಖಲೆ, ಫೋಟೋ ಕೊಡಿ. ಹಣ ಯಾವ ಖಾತೆಗೆ ಹೋಯಿತು ತಿಳಿಸಿ." ನಕಲಿನ ಮೇಲೆ ಸೀಲ್, ತಾರೀಖು ಹಾಕಿಸಿಕೊಂಡೆ. "ಮೇಲ್ ಮಾಡಿ ಸಾಕು" ಅಂದರು. ಸೀಲ್ ಬೀಳುವ ತನಕ ನಾನು ಎದ್ದಿಲ್ಲ. ಸಿಬಿಲ್‌ನಲ್ಲೂ ಅದೇ ದಿನ ಡಿಸ್ಪ್ಯೂಟ್ ಹಾಕಿದೆ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನೋದು ಆರ್‌ಬಿಐ ನಿಯಮ. ಅದನ್ನೂ ಪತ್ರದಲ್ಲಿ ಬರೆದೆ. ಆಮೇಲೆ ಅವರ ದನಿ ಬದಲಾಯಿತು.

ತೆರಿಗೆ ಕಡೆ ಯಾರೂ ನೋಡುವುದಿಲ್ಲ, ನಾನೂ ನೋಡಿರಲಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಮ್ಮ ಪ್ಯಾನ್‌ಗೆ ಬಂದ ಆದಾಯ, ವ್ಯವಹಾರಗಳನ್ನು ತೋರಿಸುವ ಪಟ್ಟಿ ಎಐಎಸ್. ಸಾಲ ಅದರಲ್ಲಿ ಕಾಣುವುದಿಲ್ಲ. ಆದರೆ ಸಾಲದ ಹಣ ಹಾಕಿಸಿಕೊಳ್ಳಲು ನನ್ನ ಪ್ಯಾನ್‌ನಲ್ಲೇ ಒಂದು ಉಳಿತಾಯ ಖಾತೆ ತೆರೆದಿದ್ದರು. ಅದರ ಬಡ್ಡಿ 312 ರೂಪಾಯಿ ನನ್ನ ಆದಾಯ ಅಂತ ಅಲ್ಲಿ ಕೂತಿತ್ತು! ಆ ಬಡ್ಡಿಯ ನಮೂದಿನ ಎದುರು `Information is denied` ಆರಿಸಿ, ರಸೀದಿ ಇಳಿಸಿಕೊಂಡೆ. ಅದನ್ನೂ 1930ರ ದೂರಿನ ಪ್ರತಿಯನ್ನೂ ಸೇರಿಸಿ ನನ್ನ ವಾರ್ಡಿನ ಆದಾಯ ತೆರಿಗೆ ಅಧಿಕಾರಿಗೆ ಪತ್ರ ಕೊಟ್ಟೆ. ಆ ಖಾತೆ ಇದ್ದ ಬ್ಯಾಂಕಿಗೂ ಬೇರೆ ಪತ್ರ ಕೊಡಬೇಕು. ಮಾಹಿತಿ ಕಳಿಸುವವರು ಅವರೇ, ತಿದ್ದಬೇಕಾದವರೂ ಅವರೇ.

26ನೇ ದಿನ ಸಾಲದ ಬ್ಯಾಂಕಿನಿಂದ ಕೆವೈಸಿ ನಕಲು ಬಂತು. ಪ್ಯಾನ್ ನನ್ನದು. ಫೋಟೋ ಯಾರೋ ಗಂಡಸಿನದು. ಅದನ್ನು ನೋಡಿ ಸಾಲ ಮಂಜೂರು ಮಾಡಿದವರು ನನ್ನನ್ನು ಸುಳ್ಳಿ ಅನ್ನುವ ಹಾಗೆ ನೋಡಿದ್ದರು, ಅಲ್ವಾ? ಸಾಲ ಈಗ ರಿಪೋರ್ಟಿನಿಂದ ಹೋಗಿದೆ. ನನ್ನ 6,820 ರೂಪಾಯಿ ಮಾತ್ರ "ಪರಿಶೀಲನೆಯಲ್ಲಿದೆ". ದಯವಿಟ್ಟು ನೀವು ಒಂದು ರೂಪಾಯಿಯನ್ನೂ ಕಟ್ಟಬೇಡಿ.