ಹಳೆಯ ಪ್ರಿಂಟರಿಗೆ ಡ್ರೈವರ್ ಹುಡುಕುವವರು ಮೊದಲು ಇದನ್ನು ಓದಿ

ಹೊಸ ಕಂಪ್ಯೂಟರಿಗೆ ಹಳೆಯ ಲೇಸರ್ ಪ್ರಿಂಟರ್ ಸಿಕ್ಕಿಸಿದಾಗ ವಿಂಡೋಸ್ ‘Driver is unavailable’ ಎಂದು ತೋರಿಸಿದರೆ ಇಬ್ಬರಿಗೆ ದುಡ್ಡು ಕೊಡಬೇಡಿ. ಒಬ್ಬರು, ಅಂತರ್ಜಾಲದ ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಜಾಹೀರಾತಾಗಿ ಬಂದು ಕೂರುವ ‘ಡ್ರೈವರ್ ಅಪ್‌ಡೇಟರ್’ ಮಾರುವವರು. ಇನ್ನೊಬ್ಬರು, ಪ್ರಿಂಟರಿನ ಬೋರ್ಡ್ ಹೋಗಿದೆ ಎಂದು ನಿಂತ ನಿಲುವಿನಲ್ಲಿ ತೀರ್ಪು ಕೊಡುವ ರಿಪೇರಿಯವರು. ಹಾಸನದಲ್ಲಿ ನ್ಯಾಯಾಲಯದ ಸಮೀಪ ನಮ್ಮ ಅಣ್ಣನದೊಂದು ಡಿಟಿಪಿ ಅಂಗಡಿ ಇದೆ. ಇಬ್ಬರ ಕೈಚಳಕವನ್ನೂ ಅಲ್ಲಿ ಒಟ್ಟಿಗೇ ನೋಡಿದ್ದಾಯಿತು.

ಅಂಗಡಿಯ ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020. 12ಎ ಕಾರ್ಟ್ರಿಜ್ ಹಾಕುವ, ಊರೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಪುಟ್ಟ ಯಂತ್ರ. ಕರಾರು ಪತ್ರ, ವಕಾಲತ್ತು, ಅಫಿಡವಿಟ್ ಎಲ್ಲವೂ ಅದರಲ್ಲೇ. ಟೋನರ್ ತುಂಬಿಸಿಕೊಂಡು ವರ್ಷಗಟ್ಟಲೆ ದುಡಿದಿದೆ. ಅಣ್ಣ ವಿಂಡೋಸ್ 7 ಇದ್ದ ಕಂಪ್ಯೂಟರನ್ನು ಪಕ್ಕಕ್ಕಿಟ್ಟು ವಿಂಡೋಸ್ 11 ಇರುವುದನ್ನು ತಂದ. ಪ್ರಿಂಟರಿನ ಹೆಸರೇನೋ ಪಟ್ಟಿಯಲ್ಲಿ ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೇಲಿನ ಸಂದೇಶ.

ಅಣ್ಣ ಆ ಸಂದೇಶವನ್ನೇ ಹುಡುಕಾಟದಲ್ಲಿ ಹಾಕಿದ. ಕಂಪನಿಯದೇ ಪುಟ ಎನ್ನುವಂತೆ ಕಾಣುವ, ಆದರೆ ಕಂಪನಿಗೆ ಸಂಬಂಧವೇ ಇಲ್ಲದ ತಾಣವೊಂದು ತೆರೆಯಿತು. ಅಲ್ಲಿಂದ ಇಳಿಸಿಕೊಂಡ ತಂತ್ರಾಂಶ ಕಂಪ್ಯೂಟರನ್ನೆಲ್ಲ ಶೋಧಿಸಿದಂತೆ ನಟಿಸಿ, ಧ್ವನಿ, ಜಾಲ, ಪರದೆ ಎಲ್ಲದರ ಡ್ರೈವರುಗಳೂ ಹಳತಾಗಿವೆ ಎಂದು ಕೆಂಪು ಪಟ್ಟಿ ಕೊಟ್ಟಿತು. ಅಂಗಡಿಗೆ ಬಂದು ವಾರವೂ ಆಗದ ಕಂಪ್ಯೂಟರಿಗೆ! ಸರಿಪಡಿಸಬೇಕಾದರೆ ವರ್ಷದ ಚಂದಾ ಕಟ್ಟಬೇಕು. ಎದುರಿಗೆ ಕಕ್ಷಿದಾರರು ಕಾಯುತ್ತಿದ್ದರು, ಅಣ್ಣ ಕಟ್ಟಿದ. ಪ್ರಿಂಟರಿನ ಕೆಳಗಿನ ಸಂದೇಶ ಇದ್ದಲ್ಲಿಂದ ಅಲುಗಲಿಲ್ಲ. ಆಮೇಲೆ ನೋಡಿದರೆ ಆ ಚಂದಾ ಪ್ರತಿ ವರ್ಷ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಬಗೆಯದು. ತಂತ್ರಾಂಶವನ್ನು ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಬ್ಯಾಂಕಿನ ಆ್ಯಪಿಗೆ ಹೋಗಿ, ಕಾರ್ಡಿನ ಮೇಲೆ ಕೊಟ್ಟಿದ್ದ ಸ್ವಯಂಪಾವತಿ ಅನುಮತಿಯನ್ನೇ ರದ್ದುಪಡಿಸಬೇಕಾಯಿತು.

ಮರುದಿನ ರಿಪೇರಿಯವರು ಬಂದರು. ಆತ ಮೋಸಗಾರನೆಂದು ನಾನು ಹೇಳುವುದಿಲ್ಲ, ಅರ್ಧ ತಿಳಿದವನು. ಹಲವು ಮಾದರಿಗಳಿಗೆ ಒಂದೇ ಎಂದು ಕೊಡುವ ಎಚ್‌ಪಿಯ ‘ಯೂನಿವರ್ಸಲ್’ ಡ್ರೈವರಿನ ಪಿಸಿಎಲ್ 6 ಆವೃತ್ತಿಯನ್ನು ಹಾಕಿದ. ತಕ್ಷಣ ಪ್ರಿಂಟರಿನ ಕೆಳಗಿನ ಸಂದೇಶ ಹೋಗಿ ಪ್ರಿಂಟರ್ ಸಿದ್ಧ ಎಂದು ಬಂತು. ಒಂದು ಪುಟ ಕಳುಹಿಸಿದಾಗ ಅದು ಸರದಿಯಿಂದ ಮಾಯವೂ ಆಯಿತು. ಆದರೆ ಪ್ರಿಂಟರಿನಿಂದ ಒಂದು ಸದ್ದಿಲ್ಲ, ದೀಪ ಮಿಣುಕಲಿಲ್ಲ. “ಸಾರ್, ಕಂಪ್ಯೂಟರಿನಿಂದ ಎಲ್ಲ ಸರಿಯಾಗಿ ಹೋಗುತ್ತಿದೆ. ಪ್ರಿಂಟರಿನ ಫಾರ್ಮ್ಯಾಟರ್ ಬೋರ್ಡ್ ಹೋಗಿದೆ. ಅದಕ್ಕೆ ಹಾಕುವ ದುಡ್ಡಿಗೆ ಹೊಸದನ್ನೇ ತೆಗೆದುಕೊಳ್ಳಿ” ಎಂದು ಭೇಟಿಯ ಶುಲ್ಕ ತೆಗೆದುಕೊಂಡು ಹೋದ.

ಸಂಜೆ ನಾನು ಹೋದಾಗ ಮಾಡಿದ್ದು ಒಂದೇ ಕೆಲಸ. ಮೂಲೆಯಲ್ಲಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಚಾಲೂ ಮಾಡಿ, ಅದೇ ಕೇಬಲ್ಲಿನಲ್ಲಿ ಪ್ರಿಂಟರನ್ನು ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಪ್ರಿಂಟರಿನ ಒಳಗೆ ರೋಲರುಗಳು ಗುರ್ ಎಂದು ತಿರುಗಿದವು. ಪುಟ ಬಂತು. ಬೋರ್ಡ್ ಗಟ್ಟಿಮುಟ್ಟಾಗಿತ್ತು.

ಇಲ್ಲಿ ಏನು ನಡೆಯಿತೆಂದು ತಿಳಿಯಬೇಕಾದರೆ ಪ್ರಿಂಟರುಗಳಲ್ಲಿ ಎರಡು ಜಾತಿ ಇವೆ ಎಂಬುದನ್ನು ನೆನಪಿಡಬೇಕು. ಕಚೇರಿಗೆಂದು ಮಾಡಿದ ದುಬಾರಿ ಪ್ರಿಂಟರಿನ ಒಳಗೆ ಪುಟ ಕಟ್ಟುವ ಬುದ್ಧಿ ಇರುತ್ತದೆ. ಕಂಪ್ಯೂಟರ್ ಅದಕ್ಕೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ‘ಈ ಜಾಗದಲ್ಲಿ ಈ ಅಕ್ಷರ, ಇಲ್ಲೊಂದು ಗೆರೆ’ ಎಂದು ಹೇಳಿದರೆ ಸಾಕು, ಉಳಿದುದನ್ನು ಪ್ರಿಂಟರ್ ನೋಡಿಕೊಳ್ಳುತ್ತದೆ. ಅಗ್ಗದ ಪ್ರಿಂಟರುಗಳಲ್ಲಿ ಆ ಬುದ್ಧಿಯನ್ನು ಇಟ್ಟಿರುವುದಿಲ್ಲ. ಇಡೀ ಪುಟವನ್ನು ಚುಕ್ಕೆಗಳ ಚಿತ್ರವಾಗಿ ಕಂಪ್ಯೂಟರೇ ಸಿದ್ಧಪಡಿಸಿ ಕಳುಹಿಸಬೇಕು. ಇವನ್ನು ‘ಹೋಸ್ಟ್ ಬೇಸ್ಡ್’ ಪ್ರಿಂಟರುಗಳೆನ್ನುತ್ತಾರೆ. 1020 ಈ ಜಾತಿಯದು. ಅದರ ಸ್ಮರಣೆ 2 ಎಂಬಿ ಮಾತ್ರ. 600 ಡಿಪಿಐನಲ್ಲಿ ಒಂದು ಎ4 ಪುಟದ ಕಪ್ಪು ಬಿಳುಪು ಚಿತ್ರವೇ 4 ಎಂಬಿ ದಾಟುತ್ತದೆ. ಹಾಗಾಗಿ ಆ ಚಿತ್ರವನ್ನು ಕುಗ್ಗಿಸಿ, ತಯಾರಕರು ಈ ಸಾಲಿನ ಪ್ರಿಂಟರುಗಳಿಗೆಂದೇ ಬಳಸುವ ರೂಪದಲ್ಲಿ ಕಳುಹಿಸಬೇಕು. ಆ ಕೆಲಸ ಬಲ್ಲದ್ದು ಆ ಮಾದರಿಗೆ ಮಾಡಿದ ಡ್ರೈವರ್ ಮಾತ್ರ. ಕೆನಾನ್ ಎಲ್‌ಬಿಪಿ 2900 ಕೂಡ ಇದೇ ಜಾತಿಯದು, ಅದರ ಪದ್ಧತಿಯ ಹೆಸರು ಕ್ಯಾಪ್ಟ್.

1020ಕ್ಕೆ ಇನ್ನೊಂದು ವಿಶೇಷವಿದೆ. ಅದನ್ನು ಪ್ರತಿ ಸಲ ಚಾಲೂ ಮಾಡಿದಾಗಲೂ ಅದನ್ನು ನಡೆಸುವ ಒಳ ತಂತ್ರಾಂಶವಾದ ಫರ್ಮ್‌ವೇರನ್ನು ಕಂಪ್ಯೂಟರಿನಲ್ಲಿರುವ ಡ್ರೈವರೇ ಪ್ರಿಂಟರಿಗೆ ತುಂಬಿಸಬೇಕು. ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದಾಗ ಬಂದ ಆ ಗುರ್ ಸದ್ದು ಇದೇ. ಯೂನಿವರ್ಸಲ್ ಡ್ರೈವರಿಗೆ ಇದೆಲ್ಲ ಗೊತ್ತಿಲ್ಲ. ಅದು ಪಿಸಿಎಲ್ ಸುರಿಯುತ್ತದೆ, ಪ್ರಿಂಟರ್ ನಿದ್ದೆಯಲ್ಲಿರುತ್ತದೆ. ವಿಂಡೋಸಿಗಾದರೋ ತಾನು ಕಳುಹಿಸಿದ್ದು ಕೇಬಲ್ ದಾಟಿತು ಎಂಬುದಷ್ಟೇ ಲೆಕ್ಕ, ಆದ್ದರಿಂದ ಎಲ್ಲ ಸರಿಯಿದೆ ಎನ್ನುತ್ತದೆ. ರಿಪೇರಿಯವನು ಆ ಮಾತನ್ನು ನಂಬಿ ಬೋರ್ಡಿನ ಮೇಲೆ ಗೂಬೆ ಕೂರಿಸಿದ.

ಪುಟ ಕಟ್ಟುವ ಬುದ್ಧಿ ಇರುವ ಪ್ರಿಂಟರಿನಲ್ಲಿ ತಪ್ಪು ಡ್ರೈವರಿನ ಲಕ್ಷಣ ಬೇರೆ. ಅದು ಸುಮ್ಮನಿರುವುದಿಲ್ಲ, ಕಾಗದ ಉಗುಳುತ್ತದೆ. ಮೊದಲ ಸಾಲಿನಲ್ಲಿ `%!PS-Adobe` ಎಂದು ಮುದ್ರಣವಾಗಿ ಪುಟದ ಮೇಲೆ ಪುಟ ಅರ್ಥವಿಲ್ಲದ ಬರಹ ಬಂದರೆ, ಪೋಸ್ಟ್‌ಸ್ಕ್ರಿಪ್ಟ್ ಅರಿಯದ ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಹಾಕಿದ್ದೀರಿ. ಮೇಲ್ತುದಿಯಲ್ಲಿ `HP-PCL XL` ಎಂದು ಕಂಡರೆ, ಪಿಸಿಎಲ್ 5 ಮಾತ್ರ ಬಲ್ಲ ಪ್ರಿಂಟರಿಗೆ ಪಿಸಿಎಲ್ 6 ಹೋಗಿದೆ. ಇಂಥ ಕಾಗದವನ್ನು ಬುಟ್ಟಿಗೆ ಹಾಕುವ ಮುನ್ನ ಮೊದಲ ಸಾಲು ಓದಿ. ರೋಗದ ಹೆಸರು ಅಲ್ಲೇ ಇರುತ್ತದೆ. ಪ್ರಿಂಟರ್ ಯಾವ ಭಾಷೆ ಬಲ್ಲದು ಎಂಬುದು ಅದರ ಕೈಪಿಡಿಯ ತಾಂತ್ರಿಕ ವಿವರಗಳಲ್ಲಿ ಇರುತ್ತದೆ. ಅಲ್ಲಿ ಪಿಸಿಎಲ್ 6 ಇದ್ದರೆ ಯೂನಿವರ್ಸಲ್ ಡ್ರೈವರ್ ಅಥವಾ ವಿಂಡೋಸಿನಲ್ಲೇ ಇರುವ `Microsoft PCL6 Class Driver` ಸಾಮಾನ್ಯವಾಗಿ ಸಾಕು. `Host-based` ಎಂದಿದ್ದರೆ ಯೂನಿವರ್ಸಲ್ ಎಂಬ ಮಾತನ್ನೇ ಮರೆತು ಆ ಮಾದರಿಯ ಹೆಸರಿನ ಡ್ರೈವರನ್ನೇ ಹುಡುಕಿ.

ಹಾಗಾದರೆ ಪ್ರಿಂಟರಿನ ಜೊತೆ ಬಂದ ಸಿಡಿ ಆಗುವುದಿಲ್ಲವೇ? ಬಹುತೇಕ ಆಗುವುದಿಲ್ಲ. ಅಣ್ಣನ ಹಳೆಯ ವಿಂಡೋಸ್ 7 ಇದ್ದದ್ದು 32 ಬಿಟ್. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಅದಕ್ಕೆ 64 ಬಿಟ್ ಡ್ರೈವರೇ ಬೇಕು. ಡ್ರೈವರಿನ ಕಡತಕೋಶ ಕೈಯಲ್ಲಿದ್ದರೆ ಇದನ್ನು ನೋಡಿ ತಿಳಿಯಬಹುದು. ಅದರೊಳಗಿನ .inf ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು `[Manufacturer]` ಎಂಬ ಭಾಗ ನೋಡಿ. ಅಲ್ಲಿ `NTamd64` ಎಂದಿದ್ದರೆ 64 ಬಿಟ್ ಡ್ರೈವರ್ ಒಳಗಿದೆ. ಹೆಸರು ನೋಡಿ ಗಾಬರಿಯಾಗಬೇಡಿ, ಇಂಟೆಲ್ ಕಂಪ್ಯೂಟರಿಗೂ ಅದೇ ಗುರುತು. `NTx86` ಮಾತ್ರ ಇದ್ದರೆ ಆ ಕೋಶವನ್ನು ಬಿಟ್ಟುಬಿಡಿ. ಬಳಿಕ ಡಿವೈಸ್ ಮ್ಯಾನೇಜರಿನಲ್ಲಿ ಪ್ರಿಂಟರಿನ ಮೇಲೆ ಬಲಗುಂಡಿ ಒತ್ತಿ `Properties`, `Details`, `Hardware Ids` ಎಂದು ಹೋಗಿ. ಅಲ್ಲಿ ಕಾಣುವ ಗುರುತು .inf ಕಡತದಲ್ಲೂ ಇದ್ದರೆ ಡ್ರೈವರ್ ನಿಮ್ಮ ಪ್ರಿಂಟರಿನದೇ.

ಹೊಸದನ್ನು ಹಾಕುವ ಮುನ್ನ ಹಳೆಯ ಕಸ ತೆಗೆಯಲೇಬೇಕು. ಪಟ್ಟಿಯಿಂದ ಪ್ರಿಂಟರನ್ನು ಅಳಿಸಿದರೂ ಡ್ರೈವರ್ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಮುಂದಿನ ಸಲ ಸಿಕ್ಕಿಸಿದಾಗ ವಿಂಡೋಸ್ ಅದನ್ನೇ ಮತ್ತೆ ಎಳೆದು ತರಬಹುದು. ಪ್ರಿಂಟರನ್ನು ಅಳಿಸಿ ಕೇಬಲ್ ತೆಗೆದು, ವಿಂಡೋಸ್ ಕೀಲಿಯ ಜೊತೆ R ಒತ್ತಿ ಇದನ್ನು ಬರೆಯಿರಿ:

```
printui /s /t2
```

ತೆರೆಯುವ ಪಟ್ಟಿಯಲ್ಲಿ ತಪ್ಪು ಡ್ರೈವರನ್ನು ಆರಿಸಿ `Remove` ಒತ್ತಿ, `Remove driver and driver package` ಎಂಬುದನ್ನು ಆರಿಸಿ. ಬಳಕೆಯಲ್ಲಿದೆ ಎಂದು ತಕರಾರು ತೆಗೆದರೆ, ಆಡಳಿತ ಅಧಿಕಾರದ ಕಮಾಂಡ್ ಪರದೆಯಲ್ಲಿ, ಮುದ್ರಣದ ಸರದಿ ನೋಡಿಕೊಳ್ಳುವ ಸ್ಪೂಲರನ್ನು ಒಮ್ಮೆ ನಿಲ್ಲಿಸಿ ಶುರುಮಾಡಿ, ಕೂಡಲೇ ಮತ್ತೆ ಅಳಿಸಲು ನೋಡಿ:

```
net stop spooler
net start spooler
```

ಅಣ್ಣನ ಅಂಗಡಿಯಲ್ಲಿ ಇಷ್ಟಾದ ಮೇಲೆ ಕಂಪನಿಯ ತಾಣದಿಂದಲೇ 1020ರ 64 ಬಿಟ್ ಹೋಸ್ಟ್ ಬೇಸ್ಡ್ ಡ್ರೈವರ್ ಇಳಿಸಿಕೊಂಡು, ಕೇಬಲ್ ಮತ್ತೆ ಸಿಕ್ಕಿಸಿ, `Add a local printer or network printer with manual settings` ಎಂಬ ದಾರಿಯಿಂದ ಹಾಕಿದೆವು. ಪೋರ್ಟ್ ಕೇಳಿದಾಗ `USB001` ಆರಿಸಿ, `Have Disk` ಒತ್ತಿ .inf ಇರುವ ಕೋಶ ತೋರಿಸಿದ್ದಾಯಿತು. ಪೋರ್ಟ್ ವಿಷಯದಲ್ಲಿ ಹುಷಾರು. ವಿಂಡೋಸ್ ಮೊದಲು ಮುಂದಿಡುವುದು `LPT1` ಇರಬಹುದು, ಅದನ್ನು ಒಪ್ಪಿದರೆ ಸರಿಯಾದ ಡ್ರೈವರ್ ಇದ್ದರೂ ಪುಟ ಬಾರದು. ಪ್ರಿಂಟರನ್ನು ಆಫ್ ಮಾಡಿ ಮತ್ತೆ ಚಾಲೂ ಮಾಡಿದೆವು. ಗುರ್ ಎಂದಿತು. ಅಲ್ಲಿಗೆ ಅರ್ಧ ಗೆದ್ದಂತೆ. ಅಣ್ಣ ಪರೀಕ್ಷಾ ಪುಟಕ್ಕೂ ಕಾಯದೆ ನೇರವಾಗಿ ಯಾರದೋ ಬಾಡಿಗೆ ಕರಾರನ್ನೇ ಕಳುಹಿಸಿದ.

ವಿಂಡೋಸ್ 11ರ 24ಎಚ್‌2 ಆವೃತ್ತಿ ಇರುವವರು ಪ್ರಿಂಟರ್ ಸೆಟ್ಟಿಂಗಿನಲ್ಲಿ `Windows protected print mode` ಎಂಬುದನ್ನೂ ನೋಡಿಕೊಳ್ಳಿ. ಅದು ತಾನಾಗಿ ಚಾಲೂ ಇರುವುದಿಲ್ಲ. ಆದರೆ ಭದ್ರತೆಗೆ ಒಳ್ಳೆಯದೆಂದು ಯಾರಾದರೂ ಚಾಲೂ ಮಾಡಿದ್ದರೆ ಕಂಪನಿಗಳ ಡ್ರೈವರುಗಳಿಗೆ ಅಲ್ಲಿ ಪ್ರವೇಶವಿಲ್ಲ, 1020ರಂಥ ಪ್ರಿಂಟರ್ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಆರ್ಮ್ ಚಿಪ್ಪಿನ ಹೊಸ ಲ್ಯಾಪ್‌ಟಾಪುಗಳಿಗೂ ಈ 64 ಬಿಟ್ ಡ್ರೈವರ್ ಒಗ್ಗದು. ಕೊಳ್ಳುವ ಮುನ್ನ ಕೇಳಿಕೊಳ್ಳಿ.

ಕೈಗೆ ಬಂದ ಸರಿಯಾದ ಕೋಶವನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡಿ. ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟಿನ ಮೂಲಕ ಒದಗಿಸುವುದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿದೆ. ಅಣ್ಣ ತನ್ನ ಪೆನ್‌ಡ್ರೈವಿಗೆ ಒಂದು ಚೀಟಿ ಅಂಟಿಸಿ, ಪ್ರಿಂಟರಿನ ಮಾದರಿ, 64 ಬಿಟ್, `USB001` ಎಂದು ಬರೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ.