‘ಆಯ್ತು, ನೋಡೋಣ’ ಅಂದರು, ಚೆಕ್ ಬ್ಯಾಂಕಿಗೆ ಹಾಕಿದರು

ಮುಂದಿನ ತಾರೀಖಿನ ಚೆಕ್ ಕೊಟ್ಟು ಸಾಲದಲ್ಲಿ ಮಾಲು ತರಿಸುವ ಅಂಗಡಿಯವರು ಇದನ್ನು ಓದಿ.

ಅರಸೀಕೆರೆಯಲ್ಲಿ ನನ್ನದು ನೋಟ್‌ಬುಕ್, ಪೆನ್ನು ಮಾರುವ ಸಣ್ಣ ಅಂಗಡಿ. ಶಾಲೆ ಶುರುವಾಗುವ ಎರಡು ವಾರವೇ ನಮಗೆ ಸುಗ್ಗಿ. ಬೆಂಗಳೂರಿನ ಹೋಲ್‌ಸೇಲ್ ವ್ಯಾಪಾರಿಯೊಬ್ಬರಿಗೆ 84,000 ರೂಪಾಯಿಯ ಆರ್ಡರ್ ಕೊಟ್ಟೆ. ಮೇ 10ಕ್ಕೆ ಬಿಲ್ ಹಾಕಿದರು. 30 ದಿನದ ಸಾಲ, ಜೂನ್ 9ರ ಚೆಕ್ ಮೊದಲೇ ಅವರ ಕೈಯಲ್ಲಿತ್ತು. 30,000 ರೂಪಾಯಿಯ ಮಾಲು ಬಂದಿದ್ದು ಮೇ 28ಕ್ಕೆ. ಉಳಿದದ್ದು ಜೂನ್ ಬಂದರೂ ಸುಳಿವಿಲ್ಲ.

ಜೂನ್ 5ಕ್ಕೆ ವಾಟ್ಸಾಪ್‌ನಲ್ಲಿ ಕಾಗದ ಬರೆದೆ. ‘ಮಾಲು ತಡವಾಗಿದೆ, ಮಾರಾಟ ಆದ ಹಾಗೆ ಹಣ ಕೊಡುತ್ತೇನೆ, ಸಹಕರಿಸಿ’ ಅಂತ. ಫೋನ್ ಮಾಡಿದಾಗ ‘ಆಯ್ತು, ನೋಡೋಣ’ ಅಂದರು. ನಾನು ಒಪ್ಪಿಗೆ ಅಂದುಕೊಂಡೆ. ಜೂನ್ 10ಕ್ಕೆ ಪೂರ್ತಿ 84,000ದ ಚೆಕ್ ಬ್ಯಾಂಕಿಗೆ ಹೋಯಿತು, ಬೌನ್ಸ್ ಆಯಿತು. ಅರ್ಧಕ್ಕಿಂತ ಜಾಸ್ತಿ ಮಾಲು ಇನ್ನೂ ಅವರ ಗೋಡೌನಲ್ಲೇ ಇತ್ತು! ಬ್ಯಾಂಕಿನ ದಂಡ ನನ್ನ ತಲೆಗೆ.

ತಪ್ಪು ನನ್ನದೂ ಇತ್ತು. ಆ ಕಾಗದದಲ್ಲಿ ತಾರೀಖಿಲ್ಲ, ಮೊತ್ತವಿಲ್ಲ, ಚೆಕ್ಕಿನ ಮಾತೇ ಇಲ್ಲ. ಸಾಲದ ದಿನ ಬಿಲ್‌ನಿಂದ ಎಣಿಸಬೇಕೋ, ಮಾಲು ಬಂದ ದಿನದಿಂದಲೋ ಅಂತ ಮೊದಲೇ ಮಾತಾಡಿರಲಿಲ್ಲ. ಅವರು ಬಿಲ್‌ನಿಂದಲೇ ಎಣಿಸಿದ್ದರು. ಮೊದಲ ಕಂತಿನ ಬಿಲ್ ಪ್ರತಿಗೆ ಸಹಿ ಹಾಕಿದ್ದೆ, ಮಾಲು ಬಂದ ತಾರೀಖು ಬರೆದಿರಲಿಲ್ಲ. ಕೊನೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಎಲ್.ಆರ್., ಅಂದರೆ ಲಾರಿಯಲ್ಲಿ ಮಾಲು ಸಾಗಿಸಿದ್ದಕ್ಕೆ ಕೊಡುವ ರಸೀದಿಯೇ ಕೈ ಹಿಡಿಯಿತು.

ಬೌನ್ಸ್ ಆದದ್ದು ತಿಳಿದು ಮೂವತ್ತು ದಿನದೊಳಗೆ ಅವರು ನೋಟಿಸ್ ಕಳಿಸಬಹುದು. ಅದು ಕೈಸೇರಿ ಹದಿನೈದು ದಿನದಲ್ಲಿ ಹಣ ಕೊಡದಿದ್ದರೆ ಕೋರ್ಟಿಗೂ ಹೋಗಬಹುದು. ಅದಕ್ಕೇ ಸುಮ್ನೆ ಕೂರಲಿಲ್ಲ. ಉಳಿದ ಮಾಲು ಜೂನ್ 14ಕ್ಕೆ ಬಂತು, ಮಕ್ಕಳೆಲ್ಲ ಬೇರೆ ಕಡೆ ಪುಸ್ತಕ ಕೊಂಡ ಮೇಲೆ. 16ಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎರಡನೇ ಕಾಗದ ಕಳಿಸಿದೆ:

‘ನಿಮ್ಮ ಮೇ 10ರ ಬಿಲ್‌ನ ಮಾಲು ಮೇ 28 ಮತ್ತು ಜೂನ್ 14ಕ್ಕೆ ಬಂದಿದೆ, ಎಲ್.ಆರ್. ಪ್ರತಿ ಲಗತ್ತಿಸಿದ್ದೇನೆ. ಮೊದಲ ಕಂತಿನ 30,000 ರೂಪಾಯಿ ಜೂನ್ 27ಕ್ಕೆ ಕೊಡುತ್ತೇನೆ. ಉಳಿದ 54,000ವನ್ನು ಜುಲೈ 14, ಜುಲೈ 29, ಆಗಸ್ಟ್ 13ರಂದು 18,000ದಂತೆ ಕೊಡುತ್ತೇನೆ. ಹಳೆಯ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕಬೇಡಿ, ವಾಪಸ್ ಕೊಡಿ. ಒಪ್ಪಿಗೆ ಇದ್ದರೆ ಸಹಿ ಮಾಡಿ ಕಳಿಸಿ.’

ಮೂರು ದಿನಕ್ಕೆ ಫೋನ್ ಬಂತು. ಮೊದಲ 30,000 ತಕ್ಷಣ ಬೇಕು, ಉಳಿದದ್ದಕ್ಕೆ ಎರಡೇ ಕಂತು ಅಂದರು. ಚೌಕಾಸಿಗೆ ಹೋಗದೆ ಒಪ್ಪಿದೆ, ಆದರೆ ಅದನ್ನೂ ಬರೆದು ಸಹಿ ಹಾಕಿಸಿಕೊಂಡೇ ಹಣ ಕಳಿಸಿದೆ. ಹಳೆಯ ಚೆಕ್ ಕೈಗೆ ಬಂದಿದ್ದು ಕೊನೆಯ ಕಂತು ಕಟ್ಟಿದ ದಿನ. ಅಂಗಡಿಯಲ್ಲಿ ಇನ್ನೂ ನಾಲ್ಕು ಬಾಕ್ಸ್ ನೋಟ್‌ಬುಕ್ ಉಳಿದಿವೆ.