ಎನ್‌ಆರ್‌ಇಯೋ ಎಫ್‌ಸಿಎನ್‌ಆರೋ: ಎರಡರಲ್ಲೂ ದುಡ್ಡಿಟ್ಟು ನೋಡಿದ ಲೆಕ್ಕ

ದುಬೈಯಲ್ಲಿ ಕೆಲಸ ಮಾಡುವ ನಮ್ಮವರ ನಡುವೆ ಉಳಿತಾಯದ ಮಾತು ಬಂದರೆ ಮೊದಲು ಕೇಳಿಬರುವುದು ಬಡ್ಡಿ ದರ. ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡಬಹುದಾದ ಠೇವಣಿಗಳಲ್ಲಿ ಎನ್‌ಆರ್‌ಇ, ಎಫ್‌ಸಿಎನ್‌ಆರ್ ಎಂಬ ಎರಡು ಬಗೆ ಇವೆ. ಎನ್‌ಆರ್‌ಇ ನಿಶ್ಚಿತ ಠೇವಣಿಗೆ ಹೆಚ್ಚು ಬಡ್ಡಿ ಸಿಗುತ್ತದೆ, ಎಫ್‌ಸಿಎನ್‌ಆರ್‌ಗೆ ಅಷ್ಟು ಸಿಗುವುದಿಲ್ಲ, ಆದ್ದರಿಂದ ಎನ್‌ಆರ್‌ಇ ಮೇಲು ಎಂದು ಮಾತು ಮುಗಿಯುತ್ತದೆ. ಈ ಲೆಕ್ಕ ಅರ್ಧದ್ದು. ಎನ್‌ಆರ್‌ಇ ಇರುವುದು ರೂಪಾಯಿಯಲ್ಲಿ. ದುಡ್ಡು ಭಾರತ ತಲುಪಿದ ದಿನವೇ ಡಾಲರ್ ರೂಪಾಯಿಯಾಗಿಬಿಡುತ್ತದೆ. ಎಫ್‌ಸಿಎನ್‌ಆರ್ ಇರುವುದು ವಿದೇಶಿ ಕರೆನ್ಸಿಯಲ್ಲಿ. ಡಾಲರ್ ಇಟ್ಟರೆ ಅಸಲು, ಬಡ್ಡಿ ಎರಡೂ ಡಾಲರ್‌ನಲ್ಲೇ ಬೆಳೆಯುತ್ತವೆ. ಎರಡು ಬೇರೆ ಬೇರೆ ನಾಣ್ಯಗಳ ಬಡ್ಡಿಯನ್ನು ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಎಂದು ನೋಡಿದರೆ ಏನೂ ತಿಳಿಯುವುದಿಲ್ಲ.

ಎರಡಕ್ಕೂ ಸಮಾನವಾದ ಸಂಗತಿಗಳನ್ನು ಮೊದಲು ಬದಿಗಿಡುತ್ತೇನೆ. ಅನಿವಾಸಿಯಾಗಿ ಇರುವಷ್ಟು ಕಾಲ ಎರಡರ ಬಡ್ಡಿಗೂ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಅಸಲನ್ನೂ ಬಡ್ಡಿಯನ್ನೂ ಮಿತಿಯಿಲ್ಲದೆ ಹೊರದೇಶಕ್ಕೆ ವಾಪಸ್ ಒಯ್ಯಬಹುದು. ಎರಡರಲ್ಲೂ ಕನಿಷ್ಠ ಅವಧಿ ಒಂದು ವರ್ಷ. ಅದಕ್ಕೆ ಮುಂಚೆ ಮುರಿದರೆ ಬಡ್ಡಿ ಸೊನ್ನೆ. ಎಫ್‌ಸಿಎನ್‌ಆರ್ ಐದು ವರ್ಷ ಮೀರುವುದಿಲ್ಲ, ಮತ್ತು ಅದರಲ್ಲಿ ಉಳಿತಾಯ ಖಾತೆ ಎಂಬುದೇ ಇಲ್ಲ, ಬರೀ ಅವಧಿ ಠೇವಣಿ.

ಈಗ ನನ್ನ ಹಣದ ಕಥೆ. 2022ರ ಆರಂಭದಲ್ಲಿ ಮೂರು ವರ್ಷದ ಅವಧಿಗೆ ಎರಡರಲ್ಲೂ ತಲಾ 10,000 ಡಾಲರ್ ಇಟ್ಟೆ. ಊರಿನಲ್ಲಿ ಮುಂದೆ ಒಂದು ನಿವೇಶನ ಕೊಳ್ಳುವ ಉದ್ದೇಶ ಇತ್ತು, ಅವಸರ ಇರಲಿಲ್ಲ. ಬ್ಯಾಂಕ್ ನನ್ನ ಡಾಲರ್‌ಗೆ ಕೊಟ್ಟ ದರ ಸುಮಾರು 74 ರೂಪಾಯಿ. ಎನ್‌ಆರ್‌ಇಗೆ 7,40,000 ರೂಪಾಯಿ ಹೋಯಿತು, ಬಡ್ಡಿ ಶೇ. 5.4, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ. ಎಫ್‌ಸಿಎನ್‌ಆರ್‌ನ ಡಾಲರ್ ದರ ಆಗ ಪಾತಾಳದಲ್ಲಿತ್ತು: ಶೇ. 1. ಶಾಖೆಯ ಅಧಿಕಾರಿಯೇ "ಸರ್, ಇದರಲ್ಲಿ ಏನೂ ಸಿಗುವುದಿಲ್ಲ, ಎಲ್ಲವನ್ನೂ ಎನ್‌ಆರ್‌ಇಗೇ ಹಾಕಿ" ಎಂದು ಫೋನಿನಲ್ಲಿ ಬುದ್ಧಿ ಹೇಳಿದ್ದರು.

2025ರ ಆರಂಭದಲ್ಲಿ ಎರಡೂ ಮುಗಿದವು. ಎನ್‌ಆರ್‌ಇಯಲ್ಲಿ ಸುಮಾರು 8,69,000 ರೂಪಾಯಿ ಇತ್ತು. ಎಫ್‌ಸಿಎನ್‌ಆರ್‌ನಲ್ಲಿ 10,305 ಡಾಲರ್. ಆ ಹೊತ್ತಿಗೆ ಬ್ಯಾಂಕ್ ಡಾಲರ್‌ಗೆ 85 ರೂಪಾಯಿ ಕೊಡುತ್ತಿತ್ತು, ಅಂದರೆ 8,76,000 ರೂಪಾಯಿ. ಬಡ್ಡಿಯಲ್ಲಿ ಐದು ಪಟ್ಟಿಗೂ ಮಿಕ್ಕಿ ಹಿಂದಿದ್ದ ಖಾತೆ ಕೊನೆಗೆ ಒಂದು ಕೂದಲೆಳೆಯಷ್ಟು ಮುಂದೆ ಬಂದಿತ್ತು. ರೂಪಾಯಿಯಲ್ಲಿ ಎಣಿಸಿದರೆ ಎರಡೂ ಸಮ ಎಂದೇ ಹೇಳಬೇಕು. ಡಾಲರ್‌ನಲ್ಲಿ ಎಣಿಸಿದರೆ ಚಿತ್ರ ಬೇರೆ. ಎನ್‌ಆರ್‌ಇಯ ಆ 8,69,000 ರೂಪಾಯಿಯನ್ನು ಬ್ಯಾಂಕಿನ ಮಾರಾಟ ದರ 86ರಂತೆ ವಾಪಸ್ ಡಾಲರ್ ಮಾಡಿಕೊಂಡಿದ್ದರೆ 10,105 ಡಾಲರ್ ಕೈಗೆ ಬರುತ್ತಿತ್ತು. ಮೂರು ವರ್ಷದ ಗಳಿಕೆ ನೂರು ಡಾಲರ್ ಚಿಲ್ಲರೆ.

ಇದರಿಂದ ನಾನು ಹಿಡಿದುಕೊಂಡ ಅಳತೆ ಸರಳವಾದದ್ದು. ಎರಡು ಬಡ್ಡಿ ದರಗಳ ನಡುವಿನ ಅಂತರ ನೋಡುತ್ತೇನೆ. 2022ರಲ್ಲಿ ಅದು ಶೇ. 4.4. ರೂಪಾಯಿ ವರ್ಷಕ್ಕೆ ಅಷ್ಟಕ್ಕಿಂತ ಹೆಚ್ಚು ಸವೆದರೆ ಎಫ್‌ಸಿಎನ್‌ಆರ್ ಗೆಲ್ಲುತ್ತದೆ, ಕಡಿಮೆ ಸವೆದರೆ ಎನ್‌ಆರ್‌ಇ. 74ರಿಂದ 85ಕ್ಕೆ ಹೋಗುವುದೆಂದರೆ ವರ್ಷಕ್ಕೆ ಸುಮಾರು ಶೇ. 4.7, ಹಾಗಾಗಿಯೇ ಆ ಕೂದಲೆಳೆಯ ಗೆಲುವು. 2024ರ ಆರಂಭಕ್ಕೆ ಅಮೆರಿಕದ ಬಡ್ಡಿ ದರ ಏರಿ ಅಂತರ ಕುಗ್ಗಿತ್ತು: ಒಂದು ವರ್ಷದ ಎನ್‌ಆರ್‌ಇ ಶೇ. 7, ಡಾಲರ್ ಎಫ್‌ಸಿಎನ್‌ಆರ್ ಶೇ. 5.25. ರೂಪಾಯಿ ವರ್ಷಕ್ಕೆ ಶೇ. 1.75 ಇಳಿದರೂ ಸಾಕು, ಡಾಲರ್ ಠೇವಣಿ ಮುಂದೆ. ಆಗ ಯೋಚಿಸಬೇಕಾದ ಅಗತ್ಯವೇ ಬೀಳಲಿಲ್ಲ. ಆ ವರ್ಷದ ಉಳಿತಾಯವನ್ನು ಡಾಲರ್‌ನಲ್ಲೇ ಇಟ್ಟೆ. 83ರಲ್ಲಿದ್ದ ದರ ವರ್ಷ ತುಂಬುವಾಗ 85 ಆಗಿತ್ತು. 10,000 ಡಾಲರ್‌ಗೆ ಎನ್‌ಆರ್‌ಇಗಿಂತ ಐದು ಸಾವಿರಕ್ಕೂ ಹೆಚ್ಚು ರೂಪಾಯಿ ಮಿಗಿಲಾಯಿತು.

ರೂಪಾಯಿ ಯಾವಾಗಲೂ ಇಳಿಯುತ್ತಲೇ ಇರುತ್ತದೆ ಎಂದು ನಂಬಿದವರಿಗೆ 2017ನ್ನು ನೆನಪಿಸಬೇಕು. ಆ ವರ್ಷ ಡಾಲರ್ 68ರ ಆಸುಪಾಸಿನಿಂದ 64ಕ್ಕೆ ಇಳಿಯಿತು. ಆ ಹನ್ನೆರಡು ತಿಂಗಳಿಗೆ ಎಫ್‌ಸಿಎನ್‌ಆರ್ ಇಟ್ಟು ವರ್ಷಾಂತ್ಯಕ್ಕೆ ರೂಪಾಯಿ ಬೇಕಾಗಿದ್ದವನು ಬಡ್ಡಿ ಸೇರಿಸಿಯೂ ಅಸಲಿಗಿಂತ ಕಡಿಮೆ ರೂಪಾಯಿ ಎಣಿಸಿಕೊಂಡಿರುತ್ತಾನೆ. ಆದ್ದರಿಂದ ಒಂದು ವರ್ಷದೊಳಗೆ ಇಂಥದ್ದಕ್ಕೇ ರೂಪಾಯಿ ಬೇಕು ಎಂದು ಗೊತ್ತಿರುವ ಹಣವನ್ನು ನಾನು ಡಾಲರ್‌ನಲ್ಲಿ ಇಡುವುದಿಲ್ಲ, ಅಂತರ ಎಷ್ಟೇ ಸಣ್ಣದಿರಲಿ. ಮನೆ ಕಟ್ಟುವ ಗುತ್ತಿಗೆದಾರನಿಗೆ ಕಂತು ಕೊಡಬೇಕಾದ ತಿಂಗಳು ವಿನಿಮಯ ದರ ನೋಡಿಕೊಂಡು ಬರುವುದಿಲ್ಲ.

ಹಣ ಕಳುಹಿಸುವ ಹಾದಿಯಲ್ಲೇ ಎಫ್‌ಸಿಎನ್‌ಆರ್‌ನ ನಿಜವಾದ ತಲೆನೋವು ಇದೆ. ಗಲ್ಫ್‌ನ ಎಕ್ಸ್‌ಚೇಂಜ್ ಅಂಗಡಿಯಿಂದ ಕಳುಹಿಸಿದರೆ ಊರಿನ ಖಾತೆಗೆ ರೂಪಾಯಿಯೇ ಬಂದು ಬೀಳುತ್ತದೆ. ಎನ್‌ಆರ್‌ಇಗೆ ಅದು ಹೇಳಿ ಮಾಡಿಸಿದ ದಾರಿ. ಎಫ್‌ಸಿಎನ್‌ಆರ್‌ಗೆ ಹಣ ಡಾಲರ್ ಆಗಿಯೇ ತಲುಪಬೇಕು, ಅಂದರೆ ಇಲ್ಲಿನ ಬ್ಯಾಂಕಿನಿಂದ ಸ್ವಿಫ್ಟ್ ಮೂಲಕ ಕಳುಹಿಸಬೇಕು. ದಿರ್ಹಮ್‌ಗೆ ಡಾಲರ್ ಜೊತೆ 3.6725ರ ನಿಗದಿತ ದರ ಇರುವುದರಿಂದ ಆ ಪರಿವರ್ತನೆಯಲ್ಲಿ ಹೆಚ್ಚು ಕಳೆದುಕೊಳ್ಳುವುದಿಲ್ಲ. ಆದರೆ ನಡುವಿನ ಬ್ಯಾಂಕ್ ತನ್ನ ಶುಲ್ಕ ಕಡಿದುಕೊಳ್ಳುತ್ತದೆ. ಶುಲ್ಕದ ಸಾಲಿನಲ್ಲಿ SHA ಎಂದು ಆರಿಸಿದರೆ ಅದು ಕಳುಹಿಸಿದ ಮೊತ್ತದಿಂದಲೇ ಹೋಗುತ್ತದೆ, 10,000 ಎಂದು ಹೊರಟದ್ದು ಅಷ್ಟು ಕಡಿಮೆಯಾಗಿ ತಲುಪುತ್ತದೆ. ದುಂಡು ಮೊತ್ತವೇ ತಲುಪಬೇಕಿದ್ದರೆ OUR ಆರಿಸಿ ಶುಲ್ಕವನ್ನು ಇಲ್ಲೇ ಕಟ್ಟಬೇಕು.

ಅದಕ್ಕಿಂತ ದೊಡ್ಡ ಅಪಾಯ ಊರಿನ ಕಡೆಯದು. ಒಮ್ಮೆ ನನ್ನ ಡಾಲರ್ ಶಾಖೆಗೆ ಬಂದ ಕೂಡಲೇ ಅವರ ವ್ಯವಸ್ಥೆ ಅದನ್ನು ತಾನಾಗಿ ರೂಪಾಯಿ ಮಾಡಿ ಎನ್‌ಆರ್‌ಇ ಉಳಿತಾಯ ಖಾತೆಗೆ ಹಾಕಿಬಿಟ್ಟಿತು. ಠೇವಣಿಯ ಸೂಚನೆಯನ್ನು ಮೊದಲೇ ಮಿಂಚಂಚೆಯಲ್ಲಿ ಕೊಟ್ಟಿದ್ದೆ. "ತೊಂದರೆ ಇಲ್ಲ ಸರ್, ಈ ರೂಪಾಯಿಯಿಂದಲೇ ಡಾಲರ್ ಮಾಡಿ ಎಫ್‌ಸಿಎನ್‌ಆರ್ ತೆರೆಯುತ್ತೇವೆ" ಎಂದರು. ತೊಂದರೆ ಇತ್ತು. 74ಕ್ಕೆ ಮಾರಿಸಿಕೊಂಡು 75ಕ್ಕೆ ಕೊಂಡರೆ 10,000 ಡಾಲರ್ 9,867 ಆಗುತ್ತದೆ, ಶೇ. 1 ಬಡ್ಡಿಯ ಕಾಲದಲ್ಲಿ ಅದು ಒಂದು ವರ್ಷದ ಬಡ್ಡಿಗಿಂತ ಹೆಚ್ಚಿನ ನಷ್ಟ. ಲಿಖಿತ ಸೂಚನೆ ಇದ್ದುದರಿಂದ ಹಳೆಯ ದರಕ್ಕೇ ತಿರುಗಿಸಿಕೊಡಿ ಎಂದು ಪಟ್ಟು ಹಿಡಿದೆ, ಕೊಟ್ಟರು. ಅಂದಿನಿಂದ ಸ್ವಿಫ್ಟ್ ಸಂದೇಶದ ಟಿಪ್ಪಣಿಯಲ್ಲೇ ಇದು ಎಫ್‌ಸಿಎನ್‌ಆರ್ ಠೇವಣಿಗೆ ಎಂದು ಬರೆಸುತ್ತೇನೆ, ಹಣ ತಲುಪುವ ದಿನ ಶಾಖೆಗೆ ಫೋನ್ ಮಾಡುತ್ತೇನೆ, ಠೇವಣಿ ರಸೀದಿಯಲ್ಲಿ ಅಸಲಿನ ಎದುರು USD ಇದೆಯೇ ಎಂದು ನೋಡುತ್ತೇನೆ.

ಊರಿನಲ್ಲಿ ಹೂಡುವ ವಿಷಯಕ್ಕೆ ಬಂದರೆ ಎನ್‌ಆರ್‌ಇ ಇಲ್ಲದೆ ಗತಿಯಿಲ್ಲ. ಮ್ಯೂಚುವಲ್ ಫಂಡಿನ ತಿಂಗಳ ಕಂತು ಅವಧಿ ಠೇವಣಿಯಿಂದ ಕಡಿತವಾಗುವುದಿಲ್ಲ, ಅದಕ್ಕೆ ಓಡಾಡುವ ರೂಪಾಯಿ ಖಾತೆ ಬೇಕು. ಹಾಗಾಗಿ ತಿಂಗಳ ಕಂತಿಗೆ ಬೇಕಾದಷ್ಟು ಎನ್‌ಆರ್‌ಇ ಉಳಿತಾಯ ಖಾತೆಗೆ ಹೋಗುತ್ತದೆ. ಎಫ್‌ಸಿಎನ್‌ಆರ್ ನನಗೆ ಕಾಯುವ ಹಣದ ಜಾಗ: ಯಾವ ನಿವೇಶನ ಎಂದು ಗೊತ್ತಿಲ್ಲದ, ಕೊನೆಗೆ ಕೊಳ್ಳದೆಯೂ ಇರಬಹುದಾದ ದುಡ್ಡು. ಅವಧಿ ಮುಗಿದಾಗ ಅದನ್ನು ಎನ್‌ಆರ್‌ಇಗೆ ವರ್ಗಾಯಿಸಿಕೊಂಡು ಖರೀದಿಗೆ ಕೊಡಬಹುದು. ಅವಧಿಗೆ ಮುಂಚೆ ದುಡ್ಡು ಬೇಕಾಯಿತೆಂದು ಎರಡನ್ನೂ ಒಂದೇ ಸಲೀಸಿನಿಂದ ಮುರಿಯಲಾಗದು. ಎಫ್‌ಸಿಎನ್‌ಆರ್ ಮುರಿದರೆ ಕೆಲವು ಬ್ಯಾಂಕ್‌ಗಳು ದಂಡದ ಜೊತೆಗೆ ತಮ್ಮ ಸ್ವಾಪ್ ವೆಚ್ಚವನ್ನೂ, ಅಂದರೆ ವಿನಿಮಯ ದರದ ಏರಿಳಿತದಿಂದ ಕಾಪಾಡಿಕೊಳ್ಳಲು ಮಾಡಿಕೊಂಡ ಒಪ್ಪಂದದ ವೆಚ್ಚವನ್ನೂ, ವಸೂಲು ಮಾಡುತ್ತವೆ. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವ ಆಸೆ ಇದ್ದವರಿಗೆ ಎರಡೂ ಖಾತೆಗಳಿಂದ ಸಹಾಯವಾಗದು, ಅನಿವಾಸಿಗೆ ಅವುಗಳ ಖರೀದಿಯೇ ನಿಷಿದ್ಧ.

ಅಮೆರಿಕದಲ್ಲಿರುವ ನನ್ನ ಭಾವನಿಗೆ ಈ ಲೆಕ್ಕ ಹೀಗೇ ಒಪ್ಪುವುದಿಲ್ಲ. ತೆರಿಗೆ ಇಲ್ಲ ಎಂಬ ಮಾತು ಭಾರತದ ಮಟ್ಟಿಗೆ ಮಾತ್ರ. ಅಲ್ಲಿನ ತೆರಿಗೆ ಇಲಾಖೆ ಜಗತ್ತಿನಲ್ಲೆಲ್ಲ ಗಳಿಸಿದ್ದನ್ನು ಕೇಳುತ್ತದೆ, ಎನ್‌ಆರ್‌ಇಯ ಬಡ್ಡಿ ಅಲ್ಲಿ ಪೂರ್ತಿ ಆದಾಯ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಪ್ರತ್ಯೇಕ ವರದಿ ಬೇರೆ ಕೊಡಬೇಕು. ಹೆಚ್ಚಿನ ಬಡ್ಡಿಯ ಮೇಲೆ ತೆರಿಗೆ ಕಟ್ಟಿ, ಇತ್ತ ರೂಪಾಯಿ ಸವೆದು, ಕೈಗೆ ಉಳಿಯುವುದನ್ನು ಎಣಿಸಿದರೆ ಅವನಂಥವರಿಗೆ ಡಾಲರ್ ಠೇವಣಿಯ ಕಡೆಗೇ ತಕ್ಕಡಿ ಇನ್ನಷ್ಟು ವಾಲುತ್ತದೆ. ಯುಎಇಯಲ್ಲಿ ವ್ಯಕ್ತಿಗಳ ಸಂಬಳಕ್ಕಾಗಲಿ ಬಡ್ಡಿಗಾಗಲಿ ಆದಾಯ ತೆರಿಗೆ ಇಲ್ಲದ್ದರಿಂದ ನಾನು ಈ ಪ್ರಶ್ನೆಯಿಂದ ಪಾರು.

ಎಫ್‌ಸಿಎನ್‌ಆರ್ ದರ ಚೆನ್ನಾಗಿರುವ ಕಾಲ ಯಾವುದು ಎಂದು ತಿಳಿಯಲು ನಾನು ಆರ್‌ಬಿಐ ಕಡೆ ಒಂದು ಕಣ್ಣಿಟ್ಟಿರುತ್ತೇನೆ. ಎನ್‌ಆರ್‌ಇ ದರವನ್ನು ಬ್ಯಾಂಕ್‌ಗಳೇ ನಿರ್ಧರಿಸುತ್ತವೆ, ಎಫ್‌ಸಿಎನ್‌ಆರ್‌ಗೆ ಮಾತ್ರ ಆರ್‌ಬಿಐ ಹಾಕಿದ ಮೇಲ್ಮಿತಿ ಇರುತ್ತದೆ. ದೇಶಕ್ಕೆ ಡಾಲರ್ ಬೇಕಾದಾಗ ಅದು ಸಡಿಲವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ರೂಪಾಯಿ ಒತ್ತಡದಲ್ಲಿದ್ದಾಗ ಮಾರ್ಚ್ 2025ರ ತನಕ ಈ ಮಿತಿಯನ್ನು ಏರಿಸಿದ್ದರು. 2013ರಲ್ಲಿ ಬ್ಯಾಂಕ್‌ಗಳಿಗೆ ಅಗ್ಗದ ಸ್ವಾಪ್ ಸೌಲಭ್ಯ ಕೊಟ್ಟಾಗ ಈ ಠೇವಣಿಯಲ್ಲೇ ಸುಮಾರು 26 ಶತಕೋಟಿ ಡಾಲರ್ ಹರಿದುಬಂದಿತ್ತು.

ಇನ್ನು ಊರಿಗೆ ಮರಳುವ ದಿನದ ವಿಚಾರ. ನನ್ನ ಪ್ರಕಾರ ಹಲವರಿಗೆ ತೀರ್ಮಾನವಾಗಬೇಕಾದದ್ದು ಇಲ್ಲಿಯೇ, ಆದರೆ ಯಾರೂ ಇದನ್ನು ಮೊದಲು ಕೇಳುವುದಿಲ್ಲ. ಕಾಯಂ ಆಗಿ ವಾಪಸಾದರೆ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಅಲ್ಲಿಂದ ಮುಂದೆ ಬಡ್ಡಿಗೆ ತೆರಿಗೆ ಶುರು. ಎಫ್‌ಸಿಎನ್‌ಆರ್ ಠೇವಣಿ ಮಾತ್ರ ಒಪ್ಪಿದ ದರದಲ್ಲೇ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು. ಬಹಳ ವರ್ಷ ಹೊರಗಿದ್ದು ಬಂದವರಿಗೆ ಮೊದಲ ಎರಡು ಮೂರು ವರ್ಷ ಆದಾಯ ತೆರಿಗೆ ಕಾನೂನಿನಲ್ಲಿ 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ' ಎಂಬ ಸ್ಥಾನ ಸಿಗುತ್ತದೆ. ಆ ಸ್ಥಾನ ಇರುವವರೆಗೆ ಎಫ್‌ಸಿಎನ್‌ಆರ್ ಬಡ್ಡಿಗೆ ತೆರಿಗೆ ಇಲ್ಲ. ಆಮೇಲೆ ಡಾಲರ್ ಆಗಿಯೇ ಉಳಿಸಿಕೊಳ್ಳಬೇಕೆಂದರೆ, ಮರಳಿ ಬಂದವರು ವಿದೇಶಿ ಕರೆನ್ಸಿ ಇಟ್ಟುಕೊಳ್ಳುವ ಆರ್‌ಎಫ್‌ಸಿ ಖಾತೆಗೆ ಹಾಕಿಕೊಳ್ಳಬಹುದು.

ನಾನು ಇನ್ನೆರಡು ವರ್ಷದಲ್ಲಿ ಹೊರಡುವ ಅಂದಾಜಿನಲ್ಲಿದ್ದೇನೆ. ಹೀಗಾಗಿ ಈಚಿನ ಠೇವಣಿಗಳನ್ನು ಐದು ವರ್ಷಕ್ಕೇ ಎಫ್‌ಸಿಎನ್‌ಆರ್‌ನಲ್ಲಿ ಕಟ್ಟಿಹಾಕಿದ್ದೇನೆ, ಎನ್‌ಆರ್‌ಇ ಠೇವಣಿಗಳಿಗೆ ಒಂದು ವರ್ಷಕ್ಕಿಂತ ಉದ್ದದ ಅವಧಿ ಕೊಡುವುದನ್ನು ನಿಲ್ಲಿಸಿದ್ದೇನೆ. ತಾನಾಗಿ ನವೀಕರಣವಾಗುವ ಆಯ್ಕೆಯನ್ನೂ ಎರಡರಲ್ಲೂ ತೆಗೆಸಿದ್ದೇನೆ. ಅವಧಿ ಮುಗಿದ ಡಾಲರ್ ಅಂದಿನ ದರ ನೋಡುವ ಮೊದಲೇ ಇನ್ನೊಂದು ಅವಧಿಗೆ ಹೋಗಿ ಕೂತರೆ, ಅದನ್ನು ಹೊರತರಲು ಮತ್ತೆ ಒಂದು ವರ್ಷ ಕಾಯಬೇಕು ಇಲ್ಲವೇ ಹೊಸ ಅವಧಿಯ ಬಡ್ಡಿ ಬಿಡಬೇಕು.